ಬಫೆ ಚೀಟಿ: ಚಿಹ್ನೆ, ‘ಇಲ್ಲ’, ‘ಇದೆ’ – ಯಾವುದು ಕೆಲಸಕ್ಕೆ ಬರುತ್ತದೆ?

ಬೆಂಗಳೂರಿನ ಬಫೆ ಸಾಲಿನಲ್ಲಿ ಕನ್ನಡ, ತಮಿಳು, ಹಿಂದಿ, ಇಂಗ್ಲಿಷ್ ಓದುವವರೆಲ್ಲ ಒಟ್ಟಿಗೇ ತಟ್ಟೆ ಹಿಡಿದು ನಿಂತಿರುತ್ತಾರೆ. ಅಲರ್ಜಿ ತಿಳಿಸುವ ಚೀಟಿಯನ್ನು ಮೂರು ಬಗೆಯಲ್ಲಿ ಬರೆದು ಇಟ್ಟು ನೋಡಿದ್ದೇವೆ. ಮೂರಕ್ಕೂ ಬಿಸಿಬೇಳೆಬಾತನ್ನೇ ತೆಗೆದುಕೊಳ್ಳೋಣ. ಅದರಲ್ಲಿ ತುಪ್ಪವಿದೆ, ಗೋಡಂಬಿಯಿದೆ. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಬೆರೆಸಿರುವುದರಿಂದ ಗೋಧಿಯೂ ಸೇರುತ್ತದೆ. ಅಡುಗೆಯವರನ್ನು ‘ಗೋಧಿ ಹಾಕಿದ್ದೀರಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಡಬ್ಬಿಯ ಹಿಂಬದಿ ಓದಿದರಷ್ಟೇ ಗೊತ್ತಾಗುವುದು.

ಮೊದಲನೆಯದು ಬರೀ ಚಿಹ್ನೆ. ಜಾಗ ಕಡಿಮೆ ಸಾಕು, ಭಾಷೆಯ ಗೊಡವೆಯಿಲ್ಲ. ಆದರೆ ಗೋಡಂಬಿ ಮತ್ತು ಶೇಂಗಾಗೆ ಒಂದೇ ‘ನಟ್ಸ್’ ಚಿತ್ರ ಹಾಕಿಬಿಡುತ್ತಾರೆ. ಅವೆರಡೂ ಬೇರೆ ಬೇರೆ ಅಲರ್ಜಿ. ಚಿಹ್ನೆಗಳ ವಿವರಣೆಯ ಫಲಕ ಸಾಲಿನ ಆರಂಭದಲ್ಲಿದ್ದರೆ, ಅರ್ಧ ದಾರಿ ಬಂದವರು ಹಿಂದೆ ಹೋಗಿ ನೋಡುವುದಿಲ್ಲ. ಹಸಿರು ಚುಕ್ಕೆಯನ್ನೂ ನೆಚ್ಚುವಂತಿಲ್ಲ: ತುಪ್ಪ ಹಾಕಿದ ಬಾತಿಗೂ ಅದೇ ಚುಕ್ಕೆ, ಹಾಲಿನ ಪದಾರ್ಥ ಬಿಟ್ಟವರಿಗೆ ಅದರಿಂದ ಏನೂ ತಿಳಿಯದು.

ಎರಡನೆಯದು ‘ಶೇಂಗಾ ಇಲ್ಲ’, ‘ಗ್ಲುಟೆನ್ ಫ್ರೀ’ ಎನ್ನುವ ಬಗೆ. ಓದಲು ಹಿತ, ಆದರೆ ಇದೇ ಹೆಚ್ಚು ಅಪಾಯಕಾರಿ. ಪಕ್ಕದ ಪಾತ್ರೆಯ ಸೌಟು ಇಲ್ಲಿ ಒಮ್ಮೆ ಇಳಿದರೆ ಚೀಟಿ ಸುಳ್ಳಾಗುತ್ತದೆ. ಗ್ಲುಟೆನ್ ಫ್ರೀ ಎನ್ನಲು ನಮ್ಮ ದೇಶದ ನಿಯಮದಲ್ಲಿ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಬಫೆ ಮೇಜಿನಲ್ಲಿ ಅದಕ್ಕೆ ಯಾರು ಹೊಣೆ?

ನಾವು ಉಳಿಸಿಕೊಂಡಿರುವುದು ಮೂರನೆಯದನ್ನು: ಏನಿದೆ ಎಂದು ಹೆಸರಿಟ್ಟು ಬರೆಯುವುದು. ‘ಇದರಲ್ಲಿದೆ: ಹಾಲು (ತುಪ್ಪ), ಗೋಡಂಬಿ, ಗೋಧಿ (ಇಂಗಿನಲ್ಲಿ)’. ಕೆಳಗೆ ಅದೇ ಸಾಲು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಅತಿಥಿಗಳನ್ನು ನೋಡಿಕೊಂಡು ತಮಿಳಿನಲ್ಲಿ. ಪದಾರ್ಥಗಳ ಕ್ರಮ ಎಲ್ಲ ಭಾಷೆಯಲ್ಲೂ ಒಂದೇ ಇರಲಿ, ತಪ್ಪಿದ್ದರೆ ಭಾಷೆ ಬಾರದವರೂ ಹಿಡಿಯಬಹುದು. ಪದವನ್ನು ಮಾತ್ರ ಆಯಾ ಭಾಷೆಯವರಿಂದಲೇ ಓದಿಸಿ. ಕನ್ನಡದ ಕಡಲೆಯನ್ನು ಹಾಗೇ ‘ಕಡಲೈ’ ಎಂದು ತಮಿಳಿಗಿಳಿಸಿದರೆ ಅನೇಕರು ಶೇಂಗಾ ಎಂದುಕೊಳ್ಳುತ್ತಾರೆ. ಹುರಿಗಡಲೆ ಚಟ್ನಿಯ ಮುಂದೆ ಈ ಗೊಂದಲ ಬೇಡ. ಶೇಂಗಾ ಇದ್ದರೆ ‘ನಿಲಕ್ಕಡಲೈ’, ಹಿಂದಿಗೆ ‘ಮೂಂಗ್‌ಫಲಿ’ ಎಂದು ಬಿಡಿಸಿಯೇ ಬರೆಯಬೇಕು.

ಇದಕ್ಕೂ ಮಿತಿಯಿದೆ. ನಾಲ್ಕು ಲಿಪಿ ತುಂಬಿದರೆ ಅಕ್ಷರ ಸಣ್ಣದಾಗುತ್ತದೆ. ಪೋಸ್ಟ್‌ಕಾರ್ಡ್ ಅಳತೆಗಿಂತ ಚಿಕ್ಕ ಚೀಟಿ ಬೇಡ, ಆವಿಗೆ ಶಾಯಿ ಹರಡದಂತೆ ಲ್ಯಾಮಿನೇಟ್ ಮಾಡಿಸಿ, ಮುಚ್ಚಳ ತೆರೆದಾಗ ಮರೆಯಾಗದಂತೆ ಪಾತ್ರೆಯ ಮುಂದೆ ಇಡಿ. ಎಡವುವುದು ಹೆಚ್ಚಾಗಿ ಎರಡನೇ ಸಲ ಪಾತ್ರೆ ತುಂಬುವಾಗ: ಗೋಡಂಬಿ ಮುಗಿದು ಶೇಂಗಾ ಹಾಕಿರುತ್ತಾರೆ, ಹಳೆಯ ಚೀಟಿ ಹಾಗೇ ನಿಂತಿರುತ್ತದೆ. ಆದ್ದರಿಂದ ಅಡುಗೆಮನೆಯಿಂದ ಹೊಸ ಪಾತ್ರೆ ತರುವವರ ಕೈಯಲ್ಲೇ ಅದರ ಚೀಟಿಯೂ ಬರಬೇಕು, ಚೀಟಿಯಿಲ್ಲದ ಪಾತ್ರೆಯನ್ನು ಮೇಜಿಗೆ ಇಳಿಸಬಾರದು.