ಲೀಟರ್ ಮರೆತ ಕೋಷ್ಟಕ: ಕೋಚಿಂಗ್ ನೋಟ್ಸ್ ಕೊಳ್ಳುವ ಮುನ್ನ ಇದನ್ನು ನೋಡಿ

ಮಂಡ್ಯದ ಒಂದು ಸಿಇಟಿ ತರಬೇತಿ ಕೇಂದ್ರ ಮಕ್ಕಳಿಗೆ ಹಂಚುತ್ತಿರುವ ರಸಾಯನಶಾಸ್ತ್ರದ ನೋಟ್ಸ್‌ನಲ್ಲಿ ರಾಸಾಯನಿಕ ಸಮತೋಲನದ ಅಧ್ಯಾಯ ತಪ್ಪಾಗಿದೆ. ಅಚ್ಚಿನ ದೋಷವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ವಿಧಾನವೇ ತಪ್ಪು, ಅದೂ ಸುಲಭವಾಗಿ ಕಣ್ಣಿಗೆ ಬೀಳದಂಥ ತಪ್ಪು. ನನ್ನ ತಮ್ಮನ ಮಗಳು ಅದನ್ನೇ ನಂಬಿ ಅಭ್ಯಾಸ ಮಾಡಿದ್ದಳು. ಒಂದು ದಿನ ಮೈಸೂರಿಗೆ ಬಂದವಳು, "ದೊಡ್ಡಪ್ಪ, ಈ ಲೆಕ್ಕದಲ್ಲಿ ನನಗೆ ಬರುವ ಉತ್ತರ ನಾಲ್ಕು ಆಯ್ಕೆಗಳಲ್ಲಿ ಒಂದೂ ಅಲ್ಲ" ಎಂದು ಹಾಳೆ ಮುಂದಿಟ್ಟಳು. ಅವಳ ಗುಣಾಕಾರ, ವರ್ಗಮೂಲ ಎಲ್ಲ ಸರಿಯಾಗಿದ್ದವು.

ಲೆಕ್ಕ ಇಷ್ಟು: 2 ಲೀಟರ್ ಮುಚ್ಚಿದ ಪಾತ್ರೆಯಲ್ಲಿ 3 ಮೋಲ್ PCl₅ ಇದೆ. ಅದು PCl₃ ಮತ್ತು Cl₂ ಆಗಿ ಒಡೆಯುತ್ತದೆ. 380 ಕೆಲ್ವಿನ್‌ನಲ್ಲಿ ಸಮತೋಲನ ಸ್ಥಿರಾಂಕ Kc = 1.80. ಸಮತೋಲನದಲ್ಲಿ ಪ್ರತಿಯೊಂದರ ಸಾಂದ್ರತೆ ಎಷ್ಟು?

ನೋಟ್ಸ್ ಹೇಳುವಂತೆ ಕೋಷ್ಟಕದ ಮೊದಲ ಸಾಲಿನಲ್ಲಿ ನೇರವಾಗಿ 3 ಎಂದು ಬರೆಯಬೇಕು, ಒಡೆದ ಪ್ರಮಾಣವಾದ x ಕಂಡುಹಿಡಿಯಬೇಕು, ಕೊನೆಯಲ್ಲಿ ಲೀಟರ್‌ನಿಂದ ಭಾಗಿಸಬೇಕು. ಹಾಗೆ ಮಾಡಿದರೆ x = 1.59 ಬರುತ್ತದೆ. ಭಾಗಿಸಿದಾಗ PCl₃ ಮತ್ತು Cl₂ ತಲಾ 0.796, PCl₅ 0.704. ಈ ಅಂಕಿಗಳನ್ನು Kc ಸೂತ್ರಕ್ಕೆ ಮತ್ತೆ ಹಾಕಿ ನೋಡಿ: 0.796 ವರ್ಗವನ್ನು 0.704ರಿಂದ ಭಾಗಿಸಿದರೆ 0.90. ಕೊಟ್ಟಿದ್ದ ಬೆಲೆಯ ಸರಿಯಾಗಿ ಅರ್ಧ! Kc ಎಂಬುದು ಸಾಂದ್ರತೆಗಳ ಅನುಪಾತ. ಅದರೊಳಗೆ ಮೋಲ್ ಹಾಕಿದ್ದರಿಂದ ಆ 2 ಲೀಟರ್ ಉತ್ತರದಲ್ಲಿ ಹೀಗೆ ಉಳಿದುಕೊಂಡಿದೆ.

ಭಾಗಾಕಾರ ಮೊದಲ ಸಾಲಿಗಿಂತ ಮುಂಚೆಯೇ ಮುಗಿಯಬೇಕು. 3 ಮೋಲ್ ಭಾಗಿಸು 2 ಲೀಟರ್, ಅಂದರೆ ಆರಂಭದ ಸಾಂದ್ರತೆ 1.5.

```
            PCl₅       PCl₃    Cl₂
ಆರಂಭ        1.5        0       0
ಬದಲಾವಣೆ     −x         +x      +x
ಸಮತೋಲನ     1.5 − x    x       x
```

x² = 1.80 (1.5 − x) ಎಂಬ ಸಮೀಕರಣವನ್ನು ಬಿಡಿಸಿದರೆ x = 0.974. PCl₃ ಮತ್ತು Cl₂ ತಲಾ 0.974, PCl₅ 0.526. ಮರಳಿ ಹಾಕಿದರೆ 1.80 ಬರುತ್ತದೆ. ಇನ್ನೊಂದು ಗುರುತೂ ಇದೆ. 1 ಲೀಟರ್ ಪಾತ್ರೆಯಲ್ಲಿ ಇದೇ 3 ಮೋಲ್‌ನಲ್ಲಿ ಶೇ. 53ರಷ್ಟು ಒಡೆಯುತ್ತದೆ, 2 ಲೀಟರ್‌ನಲ್ಲಿ ಶೇ. 65ರಷ್ಟು. ಒಂದು ಅಣು ಎರಡಾಗುವ ಕ್ರಿಯೆಗೆ ಜಾಗ ಹೆಚ್ಚಿದಷ್ಟೂ ಮುಂದೆ ಸಾಗುವ ಅವಕಾಶ ಹೆಚ್ಚು. ನೋಟ್ಸ್‌ನ ವಿಧಾನದಲ್ಲಿ ಪಾತ್ರೆ ಎಷ್ಟೇ ದೊಡ್ಡದಾದರೂ ಶೇ. 53 ಅಲುಗಾಡುವುದಿಲ್ಲ.

ಇಷ್ಟು ದೊಡ್ಡ ತಪ್ಪು ತರಗತಿಯಲ್ಲಿ ಏಕೆ ಸಿಕ್ಕಿಬೀಳಲಿಲ್ಲ? ನೋಟ್ಸ್‌ನ ಎರಡೂ ಮಾದರಿ ಲೆಕ್ಕಗಳು ಅದನ್ನು ಮುಚ್ಚಿಡುವಂಥವು. ಮೊದಲನೆಯದು ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ HI ಆಗುವ ಕ್ರಿಯೆ. ಅಲ್ಲಿ ಎರಡೂ ಕಡೆ ಅನಿಲದ ಮೋಲ್‌ಗಳು ಎರಡೆರಡು, ಆದ್ದರಿಂದ ಮೇಲಿನ ಮತ್ತು ಕೆಳಗಿನ ಲೀಟರ್‌ಗಳು ಪರಸ್ಪರ ಹೊಡೆದುಹೋಗುತ್ತವೆ. ಎರಡನೆಯದು PCl₅ ಲೆಕ್ಕವೇ, ಆದರೆ ಪಾತ್ರೆ 1 ಲೀಟರ್. ಒಂದರಿಂದ ಭಾಗಿಸಿದರೇನು, ಬಿಟ್ಟರೇನು! ಮಕ್ಕಳು ಉತ್ತರ ಸರಿಬಂತೆಂದು ಖುಷಿಪಟ್ಟು ಮುಂದೆ ಹೋಗಿದ್ದಾರೆ. ಅಮೋನಿಯಾ ತಯಾರಿಕೆಯ ಲೆಕ್ಕ 2 ಲೀಟರ್ ಪಾತ್ರೆಯಲ್ಲಿ ಬಂದಿದ್ದರೆ, ಮರಳಿ ಹಾಕಿದಾಗ Kc ನಾಲ್ಕು ಪಟ್ಟಾಗಿ ಕಾಣುತ್ತಿತ್ತು.

ಅದೇ ಪುಟದಲ್ಲಿ "ಸಮಯ ಉಳಿಸಲು ಛೇದದ x ಬಿಟ್ಟುಬಿಡಿ" ಎಂಬ ಸಾಲು ದಪ್ಪ ಅಕ್ಷರದಲ್ಲಿದೆ, ಯಾವಾಗ ಬಿಡಬಹುದೆಂಬ ಸೂಚನೆ ಇಲ್ಲ. ಮೇಲಿನ ಸರಿಯಾದ ಕೋಷ್ಟಕದಲ್ಲೇ ಬಿಟ್ಟು ನೋಡಿ: x² = 2.7, x = 1.64. ಇದ್ದದ್ದು 1.5, ಒಡೆದದ್ದು 1.64! Kc ಆರಂಭದ ಸಾಂದ್ರತೆಗಿಂತ ನೂರಾರು ಪಟ್ಟು ಚಿಕ್ಕದಾಗಿದ್ದಾಗ ಮಾತ್ರ x ಬಿಡಬಹುದು. ಬಿಟ್ಟ ಮೇಲೂ ಸಿಕ್ಕ x ಆರಂಭದ ಸಾಂದ್ರತೆಯ ಶೇ. 5ರೊಳಗಿದೆಯೇ ಎಂದು ನೋಡಬೇಕು.

ಕೇಂದ್ರದ ಅಧ್ಯಾಪಕರಿಗೆ ಫೋನ್ ಮಾಡಿ ವಿವರಿಸಿದೆ. "ಪರೀಕ್ಷೆಯಲ್ಲಿ ಹೆಚ್ಚಾಗಿ ಒಂದು ಲೀಟರ್ ಕೊಡುತ್ತಾರೆ, ಸರ್. ಮಕ್ಕಳನ್ನು ಗೊಂದಲಪಡಿಸಬೇಡಿ" ಎಂಬ ಉತ್ತರ ಬಂತು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ. ಹಣ ಕೊಟ್ಟು ಕಲಿಯಲು ಬಂದ ಮಗುವಿಗೆ ತಪ್ಪನ್ನು ಗೊತ್ತಿದ್ದೂ ತಿದ್ದದೆ ಬಿಡುವುದು ಅನ್ಯಾಯ.

ಮಂಡ್ಯ, ಮೈಸೂರಿನ ಪೋಷಕರು ಇಂಥ ನೋಟ್ಸ್‌ಗೆ ಹಣ ಕಟ್ಟುವ ಮುನ್ನ ಸಮತೋಲನದ ಅಧ್ಯಾಯ ತೆರೆಸಿ. ಎರಡೂ ಕಡೆ ಅನಿಲದ ಮೋಲ್ ಸಂಖ್ಯೆ ಬೇರೆಯಾಗಿರುವ, ಪಾತ್ರೆಯ ಗಾತ್ರ 1 ಲೀಟರ್ ಅಲ್ಲದ ಲೆಕ್ಕ ಒಂದಾದರೂ ಇದೆಯೇ, ಅದರ ಮೊದಲ ಸಾಲಿನಲ್ಲಿರುವುದು ಮೋಲ್‌ಗಳೋ ಅಥವಾ ಭಾಗಿಸಿದ ಸಾಂದ್ರತೆಯೋ ನೋಡಿ. ಈಗಾಗಲೇ ಸೇರಿರುವ ಮಕ್ಕಳು ಅಭ್ಯಾಸ ಮಾಡಿದ ಉತ್ತರಗಳನ್ನು Kc ಸೂತ್ರಕ್ಕೆ ಮರಳಿ ಹಾಕಲಿ. ಕೊಟ್ಟ ಬೆಲೆ ಬಾರದಿದ್ದರೆ, ಅಥವಾ ಯಾವುದಾದರೂ ಸಾಂದ್ರತೆ ಸೊನ್ನೆಗಿಂತ ಕೆಳಗಿಳಿದರೆ, ಆ ಲೆಕ್ಕವನ್ನು ಮೊದಲ ಸಾಲಿನಿಂದಲೇ ಮತ್ತೆ ಬರೆಯಬೇಕು.