ಯಾವ ದಿನ ನೋಡಿದ್ದು ಎಂದು ಬರೆಯದ ಕಂಪನಿ ವರದಿಗೆ ಹಣ ಕೊಡಬೇಡಿ

ಹೊಸ ಗ್ರಾಹಕರಿಗೆ ಉದ್ದರಿ ಕೊಡುವ ಮುನ್ನ ಅವರ ಕಂಪನಿಯ ಬಗ್ಗೆ ಹೊರಗಿನವರಿಂದ ವರದಿ ಮಾಡಿಸಿಕೊಳ್ಳುವ ಸಣ್ಣ ಉದ್ದಿಮೆದಾರರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ರಟ್ಟಿನ ಪೆಟ್ಟಿಗೆ ಘಟಕಕ್ಕೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ದೊಡ್ಡ ಆರ್ಡರ್ ಬಂದಾಗ, ಇಂಥ ಮಾಹಿತಿ ಕಲೆಹಾಕಿಕೊಡುವ ಸಂಸ್ಥೆಯೊಂದರಿಂದ ವರದಿ ತರಿಸಿದೆವು. ಸೆಪ್ಟೆಂಬರ್ ತಿಂಗಳಲ್ಲಿ ಕೈಸೇರಿದ ಆ ವರದಿಯಲ್ಲಿ ‘ಆಸ್ತಿಗಳ ಮೇಲೆ ಯಾವುದೇ ಚಾರ್ಜ್ ಇಲ್ಲ’, ಅಂದರೆ ಯಾವ ಆಸ್ತಿಯನ್ನೂ ಸಾಲಕ್ಕೆ ಆಧಾರವಾಗಿ ಕೊಟ್ಟಿಲ್ಲ, ಎಂಬ ಸ್ಪಷ್ಟ ವಾಕ್ಯವಿತ್ತು. ಸರಕು ಹೋಯಿತು, ಹಣ ಬರಲಿಲ್ಲ. ಆ ಕಂಪನಿಯ ದಾಸ್ತಾನು ಹಾಗೂ ಅದಕ್ಕೆ ಬರಬೇಕಾದ ಬಾಕಿಗಳೆಲ್ಲವೂ ಬ್ಯಾಂಕೊಂದಕ್ಕೆ ಆಧಾರವಾಗಿದ್ದವೆಂದು ಆಮೇಲೆ ತಿಳಿಯಿತು.

ವರದಿ ಕೊಟ್ಟವರನ್ನು ಕೇಳಿದಾಗ, ‘ನಾವು ನೋಡಿದಾಗ ಇರಲಿಲ್ಲ’ ಎಂದರು. ಯಾವ ದಿನ ನೋಡಿದಿರಿ ಎಂಬುದಕ್ಕೆ ಉತ್ತರವಿರಲಿಲ್ಲ. ಇದ್ದದ್ದು ಮುಖಪುಟದ ದಿನಾಂಕ ಮಾತ್ರ, ಅದು ಮುದ್ರಿಸಿದ ದಿನದ್ದು.

ಈ ಪ್ರಶ್ನೆ ಏಕೆ ಮುಖ್ಯವೆಂದರೆ, ಚಾರ್ಜ್ ಎಂಬುದಕ್ಕೆ ಒಂದೇ ದಿನಾಂಕವಿರುವುದಿಲ್ಲ. ಬ್ಯಾಂಕಿನ ಪತ್ರಗಳಿಗೆ ಸಹಿಯಾದ ದಿನ ಅದು ಹುಟ್ಟುತ್ತದೆ. ಕಂಪನಿ ಅದನ್ನು CHG-1 ನಮೂನೆಯಲ್ಲಿ ರಿಜಿಸ್ಟ್ರಾರರಿಗೆ ಸಲ್ಲಿಸಲು 30 ದಿನಗಳ ಕಾಲಾವಕಾಶವಿದೆ, ಹೆಚ್ಚುವರಿ ಶುಲ್ಕ ಕಟ್ಟಿದರೆ ಆ ಅವಕಾಶ ಇನ್ನೂ ಮುಂದಕ್ಕೆ ಹೋಗುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದು ಕಾಣಿಸಿಕೊಳ್ಳುವುದು ಆ ನಂತರ. ಆದ್ದರಿಂದ ‘ಚಾರ್ಜ್ ಇಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ‘ಇಂಥ ದಿನ ಚಾರ್ಜ್‌ಗಳ ಪಟ್ಟಿಯನ್ನು ತೆರೆದು ನೋಡಲಾಗಿ ಏನೂ ಇರಲಿಲ್ಲ’ ಎಂಬುದಕ್ಕೆ ಮಾತ್ರ ಬೆಲೆ. ಹುಡುಕಿ ಏನೂ ಸಿಗದಿದ್ದುದನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದರೆ, ಸರಕು ಕಳುಹಿಸುವ ಹಿಂದಿನ ದಿನ ಮತ್ತೊಮ್ಮೆ ನೋಡಬೇಕೆಂದು ನಮಗೂ ಹೊಳೆಯುತ್ತಿತ್ತು.

ಎರಡನೆಯ ಸಂಗತಿ ಇನ್ನೂ ಕೆಟ್ಟದ್ದು. ಜಗಳವಾದ ಮೇಲೆ ಅವರ ಕೆಲಸದ ಹಾಳೆಯ ಒಂದು ಪ್ರತಿ ನಮ್ಮ ಕೈಗೆ ಬಂತು. ಕಂಪನಿ ಸಲ್ಲಿಸಿದ್ದ ಲಾಭ-ನಷ್ಟ ಪತ್ರದಲ್ಲಿ ಬಡ್ಡಿ ವೆಚ್ಚದ ಸಾಲು ಗಣನೀಯ ಮೊತ್ತದಲ್ಲಿತ್ತು, ಚಾರ್ಜ್‌ಗಳ ಪಟ್ಟಿ ಮಾತ್ರ ಖಾಲಿ. ಬಡ್ಡಿ ಇದ್ದ ಮೇಲೆ ಸಾಲ ಎಲ್ಲಿಂದಲೋ ಬಂದಿರಲೇಬೇಕು. ನಿರ್ದೇಶಕರು ಕೊಟ್ಟ ಆಧಾರರಹಿತ ಸಾಲವಾಗಿರಬಹುದು, ತೀರಿಸಿಬಿಟ್ಟ ಹಳೆಯ ಸಾಲವಾಗಿರಬಹುದು, ಇಲ್ಲವೇ ಇನ್ನೂ ನೋಂದಣಿಯಾಗದ ಚಾರ್ಜ್ ಆಗಿರಬಹುದು. ಅದನ್ನು ಗಮನಿಸಿದ ಹುಡುಗ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಅಂತಿಮ ವರದಿಯಲ್ಲಿ ಆ ಚಿಹ್ನೆಯೂ ಇಲ್ಲ, ಬಡ್ಡಿಯ ಸಾಲೂ ಇಲ್ಲ. ನಾವು ಹಣ ಕೊಟ್ಟದ್ದು ನಿಜಕ್ಕೂ ಆ ಪ್ರಶ್ನಾರ್ಥಕ ಚಿಹ್ನೆಗಾಗಿ.

ಮೇಲಾಗಿ ಆ ಲೆಕ್ಕಪತ್ರ ಹಿಂದಿನ ವರ್ಷದ ಮಾರ್ಚ್ 31ಕ್ಕೆ ಮುಗಿದದ್ದು. ವಾರ್ಷಿಕ ಸಭೆಯನ್ನು ಸೆಪ್ಟೆಂಬರ್ ಕೊನೆಯವರೆಗೂ ನಡೆಸಬಹುದು, ಲೆಕ್ಕಪತ್ರ ಸಲ್ಲಿಸಲು ಅಲ್ಲಿಂದ ಮತ್ತೆ 30 ದಿನಗಳಿರುತ್ತವೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಸಿಗುವ ‘ಇತ್ತೀಚಿನ’ ಲೆಕ್ಕಪತ್ರ ಸುಮಾರು ಹದಿನೆಂಟು ತಿಂಗಳು ಹಳೆಯದಾಗಿರುವುದು ತೀರಾ ಸಾಮಾನ್ಯ. ನಮ್ಮ ವರದಿಯಲ್ಲಿ ಅದನ್ನು ‘ಪ್ರಸ್ತುತ ಸ್ಥಿತಿ’ ಎಂದು ಕರೆದಿದ್ದರು.

ಹೊಂದದ ಸಂಗತಿಗಳನ್ನು ಹೇಗೆ ಬರೆದಿಡಬೇಕು ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಕಂಪನಿಯೊಂದನ್ನೇ ನೋಡಬಹುದು. ವಿಪ್ರೋದ ನೋಂದಣಿ ಸಂಖ್ಯೆ L32102KA1945PLC020800. ಇದರಲ್ಲಿ KA ಎಂದರೆ ಕರ್ನಾಟಕ, 1945 ಎಂದರೆ ಸ್ಥಾಪನೆಯ ವರ್ಷ. ಇವೆರಡನ್ನು ಸೇರಿಸಿ ‘1945ರಲ್ಲಿ ಕರ್ನಾಟಕದಲ್ಲಿ ಸ್ಥಾಪಿತ’ ಎಂದು ಬರೆದರೆ ತಪ್ಪು, ಏಕೆಂದರೆ ಆ ಕಂಪನಿ ಅಡುಗೆ ಎಣ್ಣೆ ತಯಾರಿಕೆಯೊಂದಿಗೆ ಆರಂಭವಾದದ್ದು ಇಂದಿನ ಮಹಾರಾಷ್ಟ್ರದ ಅಮಳನೇರಿನಲ್ಲಿ. ರಾಜ್ಯದ ಅಕ್ಷರಗಳು ಹೇಳುವುದು ನೋಂದಾಯಿತ ಕಚೇರಿ ಈಗ ಎಲ್ಲಿದೆ ಎಂಬುದನ್ನು; ಕಚೇರಿ ಬೇರೆ ರಾಜ್ಯಕ್ಕೆ ಹೋದರೆ ಅವು ಬದಲಾಗುತ್ತವೆ, ವರ್ಷ ಹಾಗೇ ಉಳಿಯುತ್ತದೆ. ಒಳ್ಳೆಯ ದಾಖಲೆಯಲ್ಲಿ ಎರಡೂ ಮೂಲಗಳು ಬೇರೆ ಬೇರೆ ಸಾಲುಗಳಲ್ಲಿ ಉಳಿದು, ಯಾವುದನ್ನು ಏಕೆ ಒಪ್ಪಲಾಯಿತು ಎಂಬ ಕಾರಣ ಅವುಗಳ ಕೆಳಗೆ ಬರಬೇಕು. ಸೋತ ಮೂಲವನ್ನು ಅಳಿಸಿದರೆ, ಮುಂದೆ ಅದನ್ನೇ ಕಂಡವರು ವರದಿಯೇ ತಪ್ಪೆಂದುಕೊಳ್ಳುತ್ತಾರೆ.

ಈಗ ನಾವು ವರದಿಯ ಜೊತೆಗೆ ಸಂಶೋಧನಾ ದಾಖಲೆಯನ್ನೂ ಕೊಡಬೇಕೆಂದು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುತ್ತೇವೆ. ಪ್ರತಿ ಸಾಲಿಗೂ ಆ ಮಾಹಿತಿ ಯಾವ ದಿನಕ್ಕೆ ಸಂಬಂಧಿಸಿದ್ದು, ಪತ್ರ ಯಾವ ದಿನ ಸಲ್ಲಿಕೆಯಾದದ್ದು, ಅವರು ಅದನ್ನು ನೋಡಿದ್ದು ಯಾವ ದಿನ ಎಂಬ ಮೂರೂ ಬೇರೆ ಬೇರೆ ಕಲಮುಗಳಲ್ಲಿರಬೇಕು, ಮತ್ತು ಇಳಿಸಿಕೊಂಡ ಪ್ರತಿ ಜೊತೆಗಿರಬೇಕು. ನೋಡಿದ ದಿನದ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದೇ ದಿನಾಂಕವಿದ್ದರೆ ಅದು ಕೊನೆಗೆ ಒಟ್ಟಿಗೆ ಕುಳಿತು ತುಂಬಿಸಿದ ದಾಖಲೆಯಿರಬಹುದೆಂದು ಅನುಮಾನಿಸಿ ಇಳಿಸಿಕೊಂಡ ಕಡತಗಳ ದಿನಾಂಕದೊಂದಿಗೆ ಹೋಲಿಸುತ್ತೇವೆ. ಒಂದಕ್ಕೊಂದು ಹೊಂದದ ಸಂಗತಿಗಳನ್ನು ಬರೆಯಬೇಕಾದ ಭಿನ್ನತೆಯ ಕಲಮು ಪೂರ್ತಿ ಖಾಲಿಯಿದ್ದರೆ ವರದಿಯನ್ನು ಹಿಂದಿರುಗಿಸಿ, ಬಡ್ಡಿ ವೆಚ್ಚವನ್ನೂ ಚಾರ್ಜ್‌ಗಳ ಪಟ್ಟಿಯನ್ನೂ ಎದುರುಬದುರಾಗಿಟ್ಟು ಮತ್ತೆ ನೋಡಿ ಎನ್ನುತ್ತೇವೆ. ಈ ಷರತ್ತು ಕೇಳಿದ ಮೇಲೆ ಕೆಲಸವೇ ಬೇಡವೆಂದು ಎದ್ದುಹೋದವರೂ ಇದ್ದಾರೆ.