6000 ಎಂಎಎಚ್ ಮತ್ತು 2000 ಎಂಎಎಚ್: ರೂಟರ್ ಮಿನಿ ಯುಪಿಎಸ್‌ನಲ್ಲಿ ಯಾವುದು ಹೆಚ್ಚು ಹೊತ್ತು ಎಳೆಯುತ್ತದೆ?

ಕರೆಂಟ್ ಹೋದಾಗ ವೈಫೈ ನಿಲ್ಲದಿರಲಿ ಎಂದು ಕೊಳ್ಳುವ ಮಿನಿ ಯುಪಿಎಸ್‌ಗಳಲ್ಲಿ ಎರಡು ಜಾತಿ. ಒಂದರ ಬೆನ್ನ ಮೇಲೆ '6000 ಎಂಎಎಚ್, 3.7 ವೋಲ್ಟ್' ಎಂದಿರುತ್ತದೆ. ಇನ್ನೊಂದರ ಮೇಲೆ '2000 ಎಂಎಎಚ್, 11.1 ವೋಲ್ಟ್'. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟರೆ ಕೈ ಮೊದಲನೆಯದಕ್ಕೇ ಹೋಗುತ್ತದೆ. ಬಿಚ್ಚಿ ನೋಡಿದರೆ ಎರಡರೊಳಗೂ ಇರುವುದು 2000 ಎಂಎಎಚ್‌ನ, 18650 ಎಂಬ ಅಳತೆಯ ಮೂರು ಲಿಥಿಯಂ ಸೆಲ್‌ಗಳು. ಮೊದಲನೆಯದರಲ್ಲಿ ಮೂರನ್ನೂ ಪ್ಯಾರಲಲ್ ಜೋಡಿಸಿ, ಬೂಸ್ಟ್ ಬೋರ್ಡ್ ಇಟ್ಟು 3.7 ವೋಲ್ಟನ್ನು 12ಕ್ಕೆ ಏರಿಸಿದ್ದಾರೆ. ಎರಡನೆಯದರಲ್ಲಿ ಮೂರನ್ನೂ ಸೀರೀಸ್‌ನಲ್ಲಿ ಜೋಡಿಸಿ, ಬರುವ ವೋಲ್ಟೇಜನ್ನು ಹಾಗೆಯೇ ರೂಟರ್‌ಗೆ ಬಿಟ್ಟಿದ್ದಾರೆ.

6 ಆಂಪಿಯರ್-ಅವರನ್ನು 3.7 ವೋಲ್ಟ್‌ನಿಂದ ಗುಣಿಸಿ, 22.2 ವ್ಯಾಟ್-ಅವರ್. 2 ಆಂಪಿಯರ್-ಅವರನ್ನು 11.1ರಿಂದ ಗುಣಿಸಿ, ಅದೂ 22.2. ಎರಡು ಡಬ್ಬಿಗಳಲ್ಲಿ ಇರುವ ಶಕ್ತಿ ಒಂದೇ. ಎಂಎಎಚ್ ಎನ್ನುವುದು ಎಷ್ಟು ಚಾರ್ಜ್ ಇದೆ ಎಂದು ಹೇಳುತ್ತದೆ, ಎಷ್ಟು ವೋಲ್ಟ್‌ನಲ್ಲಿ ಎಂದು ಹೇಳುವುದಿಲ್ಲ. ಹಾಗಾಗಿ ವೋಲ್ಟ್ ಬೇರೆಬೇರೆ ಇರುವ ಎರಡು ಪ್ಯಾಕ್‌ಗಳ ಎಂಎಎಚ್ ಹೋಲಿಸುವುದೆಂದರೆ ಕೊಡದ ಎತ್ತರ ನೋಡದೆ ಬಾಯಿಯ ಅಗಲ ಅಳೆದ ಹಾಗೆ.

ಪರೀಕ್ಷೆಗೆ ಇಟ್ಟ ರೂಟರ್ 12 ವೋಲ್ಟ್‌ನಲ್ಲಿ ಸುಮಾರು 0.58 ಆಂಪಿಯರ್, ಅಂದರೆ 7 ವ್ಯಾಟ್ ತೆಗೆದುಕೊಳ್ಳುತ್ತದೆ. ಅಡಾಪ್ಟರ್ ಮೇಲೆ 1.5 ಆಂಪಿಯರ್ ಎಂದಿದ್ದರೂ ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ರೂಟರ್ ಕುಡಿಯುವ ಲೆಕ್ಕ ಅಲ್ಲ. ಇದನ್ನು ತಿಳಿಯಲು ಸಾಲಿನ ಮಧ್ಯೆ ಒಂದು ಡಿಸಿ ವ್ಯಾಟ್‌ಮೀಟರ್ ಸಿಕ್ಕಿಸಿದರೆ ಸಾಕು. 6000ವನ್ನು 580ರಿಂದ ಭಾಗಿಸಿ ಹತ್ತು ಗಂಟೆ ಬರುತ್ತದೆಂದು ನಂಬಿದವರಿಗೆ ನಿರಾಸೆ ಕಾದಿದೆ. ಎರಡನ್ನೂ ರಾತ್ರಿಯಿಡೀ ಚಾರ್ಜ್ ಮಾಡಿ, ಒಂದು ಗಂಟೆ ಸುಮ್ಮನೆ ಬಿಟ್ಟು, ಪ್ಲಗ್ ಕಿತ್ತಾಗ ಸಿಕ್ಕಿದ್ದು ಇಷ್ಟು: ಪ್ಯಾರಲಲ್ ಡಬ್ಬಿ 2 ಗಂಟೆ 41 ನಿಮಿಷ, ಸೀರೀಸ್ ಡಬ್ಬಿ 3 ಗಂಟೆ. ದೊಡ್ಡ ಅಂಕಿ ಬರೆದುಕೊಂಡದ್ದೇ 19 ನಿಮಿಷ ಹಿಂದೆ ಬಿತ್ತು.

ಹಿಂದೆ ಬೀಳಲು ಕಾರಣ ಬೂಸ್ಟ್ ಬೋರ್ಡ್. 3.7ನ್ನು 12ಕ್ಕೆ ಏರಿಸುವಾಗ ಅದು ನೂರಕ್ಕೆ ಹದಿನಾಲ್ಕರಷ್ಟನ್ನು ಬಿಸಿಯಾಗಿ ಕಳೆಯಿತು. ಓಡುತ್ತಿರುವಾಗ ಡಬ್ಬಿಯ ಒಂದು ಮೂಲೆ ಮಾತ್ರ ಬೆಚ್ಚಗಾಗಿರುವುದು ಕೈಗೆ ಗೊತ್ತಾಗುತ್ತದೆ. ಆ ಡಬ್ಬಿಯ 6000 ಎಂಎಎಚ್, 12 ವೋಲ್ಟ್ ಪಿನ್ನಿನಲ್ಲಿ ಅಳೆದರೆ ಸುಮಾರು 1600 ಎಂಎಎಚ್ ಅಷ್ಟೇ. ಇದು ಮೋಸವಲ್ಲ, ಸೆಲ್ ಕಡೆಯ ಅಂಕಿಯನ್ನು ಬರೆದಿದ್ದಾರೆ. (18650 ಸೆಲ್ ಮೇಲೆ 9900 ಎಂದು ಬರೆದಿದ್ದರೆ ಅದು ಮೋಸ. ಆ ಅಳತೆಯ ಒಳ್ಳೆಯ ಸೆಲ್ 3500ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಮತ್ತು 45 ಗ್ರಾಂ ತೂಗುತ್ತದೆ. ಅಡಿಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೂಗಿದರೆ ಒಳಗೆ ಏನಿಲ್ಲ ಎಂದೇ ತಿಳಿಯಿರಿ.)

ಹಾಗಾದರೆ ಸೀರೀಸ್ ಡಬ್ಬಿಯೇ ಮೇಲು ಎಂದು ಇಲ್ಲಿಗೇ ಮುಗಿಸುವಂತಿಲ್ಲ. ಅದರ ಹೊರಬರುವ ವೋಲ್ಟೇಜ್ ಸ್ಥಿರವಲ್ಲ. ತುಂಬಿದಾಗ 12.6, ಖಾಲಿಯಾಗುವ ಹೊತ್ತಿಗೆ 9. ನಮ್ಮ ರೂಟರ್ ಒಳಗೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಇರುವುದರಿಂದ 9 ವೋಲ್ಟ್‌ವರೆಗೂ ತಡೆದುಕೊಂಡಿತು. ಅದೇ ಡಬ್ಬಿಯನ್ನು ಇನ್ನೊಂದು ಫೈಬರ್ ಮೋಡೆಮ್‌ಗೆ ಹಾಕಿದರೆ 10.8 ವೋಲ್ಟ್ ತಲುಪಿದ ಕೂಡಲೇ ರೀಸ್ಟಾರ್ಟ್ ಆಯಿತು, ಎರಡು ಗಂಟೆ ತುಂಬುವ ಮೊದಲೇ. ಆಗಿನ್ನೂ ಪ್ಯಾಕಿನಲ್ಲಿ ಮೂರನೇ ಒಂದು ಪಾಲಿನಷ್ಟು ಶಕ್ತಿ ಬಾಕಿ ಇತ್ತು. ಮೋಡೆಮ್ ಆರಿದ ಮರುಕ್ಷಣ ಭಾರ ಇಳಿದು ವೋಲ್ಟೇಜ್ ಸ್ವಲ್ಪ ಮೇಲೇಳುತ್ತದೆ, ಮೋಡೆಮ್ ಮತ್ತೆ ಎದ್ದು ಕೂರುತ್ತದೆ, ಒಂದು ನಿಮಿಷದಲ್ಲಿ ಮತ್ತೆ ಬೀಳುತ್ತದೆ. ದೀಪಗಳು ಹೀಗೆ ಹತ್ತಿ ಆರಿ ಆಡುತ್ತಿದ್ದರೆ ಬ್ಯಾಟರಿ ಮುಗಿದಿದೆ ಎಂದು ಬೈಯಬೇಡಿ. ಮುಗಿದಿರುವುದು ಬ್ಯಾಟರಿಯಲ್ಲ, ಉಪಕರಣಕ್ಕೆ ಸಾಕಾಗುವ ವೋಲ್ಟೇಜ್. ಪ್ಯಾರಲಲ್ ಡಬ್ಬಿ ಕೊನೆಯ ಕ್ಷಣದವರೆಗೂ 12 ವೋಲ್ಟನ್ನೇ ಕೊಟ್ಟು ಒಮ್ಮೆಲೇ ನಿಲ್ಲುತ್ತದೆ. ಇಂಥ ಮೋಡೆಮ್‌ಗೆ ಅದೇ ವಾಸಿ.

ಈಗ ಒಂದೇ ಡಬ್ಬಿ, ಸೆಲ್ ಮಾತ್ರ ಬೇರೆ. ಪ್ಯಾರಲಲ್ ಡಬ್ಬಿಯಲ್ಲಿ ಮೊದಲು ಹೊಸ ಮೂರು, ಆಮೇಲೆ ಹಳೆಯ ಲ್ಯಾಪ್‌ಟಾಪ್ ಪ್ಯಾಕಿನಿಂದ ತೆಗೆದ ಮೂರು. ಹಳೆಯವು ಹುಟ್ಟಾ 2600, ಸವೆದು 2000ಕ್ಕೆ ಇಳಿದಿವೆ. 400 ಮಿಲಿಆಂಪಿಯರ್‌ನಲ್ಲಿ ನಿಧಾನವಾಗಿ ಖಾಲಿ ಮಾಡಿ ಅಳೆದರೆ ಎರಡೂ ಗುಂಪು ಸರಿಸಮ. ತಯಾರಕರು ಅಂಕಿ ಬರೆಯುವುದೂ ಸಾಮಾನ್ಯವಾಗಿ ಇಂಥ ನಿಧಾನದ ಪರೀಕ್ಷೆಯಿಂದಲೇ: ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಕರೆಂಟ್, 25 ಡಿಗ್ರಿ ಆಸುಪಾಸಿನ ಕೋಣೆ, 2.5 ಅಥವಾ 2.75 ವೋಲ್ಟ್‌ವರೆಗೆ. ರೂಟರ್ ಒಂದೇ ಇದ್ದಾಗ ಹೊಸವು 2 ಗಂಟೆ 41 ನಿಮಿಷ, ಹಳೆಯವು 2 ಗಂಟೆ 33. ರೂಟರ್ ಜೊತೆ ಮೋಡೆಮ್ ಮತ್ತು ಒಂದು ಕ್ಯಾಮರಾ ಸೇರಿಸಿ ಭಾರವನ್ನು 15 ವ್ಯಾಟ್‌ಗೆ ಏರಿಸಿದಾಗ ಹೊಸವು 71 ನಿಮಿಷ, ಹಳೆಯವು 63. ಎರಡು ಸಲವೂ ವ್ಯತ್ಯಾಸ 8 ನಿಮಿಷವೇ. ಆದರೆ ಮೊದಲಿನದು ನೂರಕ್ಕೆ ಐದು, ಎರಡನೆಯದು ನೂರಕ್ಕೆ ಹನ್ನೊಂದು.

ಇದಕ್ಕೆ ಕಾರಣ ಸೆಲ್‌ನ ಒಳರೋಧ. ಅಳೆಯಲು ದುಬಾರಿ ಯಂತ್ರ ಬೇಡ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 3.9 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಮತ್ತು ಎರಡು ದಶಮಾಂಶ ತೋರಿಸುವ ಮಲ್ಟಿಮೀಟರ್ ಸಾಕು. ಹೊಸ ಸೆಲ್ ಸುಮ್ಮನಿದ್ದಾಗ 4.12 ವೋಲ್ಟ್. ರೆಸಿಸ್ಟರ್ ತಾಗಿಸಿ ಐದು ಸೆಕೆಂಡ್ ಕಾದರೆ 4.07. ಕರೆಂಟ್ 4.07 ಭಾಗ 3.9, ಅಂದರೆ 1.04 ಆಂಪಿಯರ್. ಇಳಿದದ್ದು 0.05 ವೋಲ್ಟ್, ಅದನ್ನು 1.04ರಿಂದ ಭಾಗಿಸಿದರೆ 48 ಮಿಲಿಓಮ್. ಹಳೆಯದು 4.11ರಿಂದ 3.96ಕ್ಕೆ ಇಳಿಯಿತು: 148 ಮಿಲಿಓಮ್, ಮೂರು ಪಟ್ಟು. ಮೀಟರ್ ಕಡ್ಡಿಗಳನ್ನು ಸೆಲ್‌ನ ತುದಿಗೇ ಒತ್ತಿ ಹಿಡಿಯಬೇಕು. ಹೋಲ್ಡರ್‌ನ ಸ್ಪ್ರಿಂಗ್‌ಗೆ ಹಿಡಿದರೆ ಸ್ಪ್ರಿಂಗಿನ ರೋಧವೂ ಸೇರಿಕೊಂಡು ಒಳ್ಳೆಯ ಸೆಲ್ ಕೂಡ ಕೆಟ್ಟದ್ದರಂತೆ ಕಾಣುತ್ತದೆ. ರೆಸಿಸ್ಟರ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಇಕ್ಕಳದಲ್ಲಿ ಹಿಡಿಯಿರಿ.

15 ವ್ಯಾಟ್ ಭಾರದಲ್ಲಿ ಪ್ರತಿ ಸೆಲ್ಲಿನಿಂದ ಸುಮಾರು 1.65 ಆಂಪಿಯರ್ ಹರಿಯುತ್ತದೆ. ಹಳೆಯ ಸೆಲ್ಲಿನೊಳಗೇ ಕಾಲು ವೋಲ್ಟ್ ನುಂಗಿಹೋಗುತ್ತದೆ, ಹೊಸದರಲ್ಲಿ 0.08 ಮಾತ್ರ. ನುಂಗಿದ್ದು ಬಿಸಿಯಾಗಿ ವ್ಯರ್ಥ, ಅದು ಒಂದು ನಷ್ಟ. ಇನ್ನೊಂದು, ಬೂಸ್ಟ್ ಬೋರ್ಡ್ 3.2 ವೋಲ್ಟ್‌ಗೆ ಕೈ ಚೆಲ್ಲುತ್ತದೆ. ಆ ಬೋರ್ಡಿಗೆ 3.2 ಕಾಣುವಾಗ ಹಳೆಯ ಸೆಲ್ಲಿನ ನಿಜವಾದ ಮಟ್ಟ ಇನ್ನೂ 3.45ರಲ್ಲಿರುತ್ತದೆ, ಹತ್ತನೇ ಒಂದು ಪಾಲು ಚಾರ್ಜ್ ಒಳಗೇ ಉಳಿದಿರುತ್ತದೆ. ತಳದಲ್ಲಿ ನೀರಿದ್ದೂ ಹಗ್ಗ ಸಾಲದ ಬಾವಿ ಅದು. ಗೋಡೆ ಗಡಿಯಾರ, ರಿಮೋಟ್‌ನಂಥ ಕೆಲವೇ ಮಿಲಿಆಂಪಿಯರ್ ಎಳೆಯುವ ಸಾಧನದಲ್ಲಿ ಈ ಮೂರು ಪಟ್ಟು ರೋಧ ಲೆಕ್ಕಕ್ಕೇ ಬರುವುದಿಲ್ಲ. ಟಾರ್ಚ್, ಡ್ರಿಲ್ ಮಷೀನಿನಲ್ಲಿ ಅದೇ ಸೆಲ್ ಅರ್ಧಕ್ಕೇ ಕುಸಿಯಬಹುದು.

ಸೀರೀಸ್ ಡಬ್ಬಿಗೆ ಮತ್ತೊಂದು ಪೆಟ್ಟು ಇದೆ, ಅದೇ ಅದರ 19 ನಿಮಿಷದ ಮೇಲುಗೈಯನ್ನು ತಿನ್ನುವುದು. ಇಂಥ ಡಬ್ಬಿಗಳು ವರ್ಷವಿಡೀ ಪ್ಲಗ್‌ನಲ್ಲೇ ಇರುತ್ತವೆ, ಸೆಲ್‌ಗಳು ಸದಾ ತುಂಬಿದ ಸ್ಥಿತಿಯಲ್ಲಿ, ಬಿಸಿ ರೂಟರಿನ ಪಕ್ಕದಲ್ಲಿ. ಲಿಥಿಯಂ ಸೆಲ್ ಬೇಗ ಮುದಿಯಾಗಲು ಪೂರ್ತಿ ಚಾರ್ಜ್ ಮತ್ತು ಬಿಸಿ ಎರಡೂ ಸೇರಿದರೆ ಸಾಕು. ಮೂರರಲ್ಲಿ ನಡುವಿನ ಸೆಲ್‌ಗೆ ಎರಡೂ ಕಡೆಯಿಂದ ಬಿಸಿ, ಗಾಳಿ ಕಡಿಮೆ. ಒಂದೇ ಪೆಟ್ಟಿಗೆಯಿಂದ ಬಂದ ಒಂದೇ ತರಹದ ಸೆಲ್‌ಗಳಲ್ಲಿ ನಡುವಿನದು ಮೊದಲು ಸೊರಗುವುದು ಹೀಗೆ. ಅದನ್ನು ಅನುಕರಿಸಲು ಎರಡು ಡಬ್ಬಿಗೂ ಒಂದೇ ಮೂರು ಸೆಲ್ ಹಾಕಿ ನೋಡಿದೆವು: 2050, 2030 ಮತ್ತು ಸವೆದ 1640. ಪ್ಯಾರಲಲ್‌ನಲ್ಲಿ ಮೂರೂ ಕೂಡಿ 5720, ಸವೆದದ್ದು ತನ್ನ ಪಾಲನ್ನಷ್ಟೇ ಕಡಿಮೆ ಕೊಡುತ್ತದೆ: 2 ಗಂಟೆ 34 ನಿಮಿಷ. ಸೀರೀಸ್‌ನಲ್ಲಿ ಮೂರರ ಮೂಲಕವೂ ಒಂದೇ ಕರೆಂಟ್ ಹರಿಯುವುದರಿಂದ 1640 ಮುಗಿದ ಕ್ಷಣಕ್ಕೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ಇಡೀ ಸಾಲನ್ನೇ ಕತ್ತರಿಸುತ್ತದೆ: 2 ಗಂಟೆ 28 ನಿಮಿಷ. ಹೊಸದರಲ್ಲಿ 19 ನಿಮಿಷ ಮುಂದಿದ್ದದ್ದು ಈಗ 6 ನಿಮಿಷ ಹಿಂದೆ.

ಇದನ್ನು ಗುರುತಿಸುವುದು ಸುಲಭ. ಡಬ್ಬಿ ನಿಂತ ಕೂಡಲೇ ಪ್ರತಿ ಸೆಲ್‌ನ ವೋಲ್ಟೇಜ್ ಬೇರೆಬೇರೆ ಅಳೆಯಿರಿ. ಎರಡು 3.4ರ ಮೇಲಿದ್ದು ಒಂದು 2.9ರಲ್ಲಿ ಕೂತಿದ್ದರೆ ತಪ್ಪಿತಸ್ಥ ಅದೇ. ಪ್ಯಾರಲಲ್ ಡಬ್ಬಿಯಲ್ಲಿ ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ವೋಲ್ಟೇಜ್ ಒಂದೇ ತೋರಿಸುತ್ತದೆ. ಅಲ್ಲಿ ಬಿಡಿಸಿ ರೆಸಿಸ್ಟರ್ ಪರೀಕ್ಷೆಯನ್ನೇ ಮಾಡಬೇಕು.

ಆ ಒಂದು ಸೆಲ್ ಮಾತ್ರ ಬದಲಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ: ಅಂಗಡಿಯಿಂದ ಬಂದ ಹೊಸ ಸೆಲ್ 3.6 ವೋಲ್ಟ್‌ನಲ್ಲಿರುತ್ತದೆ, ಹಳೆಯ ಎರಡು ತುಂಬಿವೆ. ಹಾಗೆಯೇ ಸೀರೀಸ್‌ಗೆ ಸೇರಿಸಿದರೆ ಚಾರ್ಜ್ ಆಗುವಾಗ ಹಳೆಯವು ಮೊದಲು ಮಿತಿ ಮುಟ್ಟಿ ಬಿಎಂಎಸ್ ನಿಲ್ಲಿಸಿಬಿಡುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಬ್ಯಾಲೆನ್ಸ್ ಮಾಡುವ ವ್ಯವಸ್ಥೆ ಇರುವುದಿಲ್ಲ, ಹೊಸ ಸೆಲ್ ಎಂದಿಗೂ ತುಂಬುವುದಿಲ್ಲ, ಮತ್ತು ಹೊಸದನ್ನು ಹಾಕಿದ ಮೇಲೆ ಡಬ್ಬಿ ಮೊದಲಿಗಿಂತ ಬೇಗ ಸಾಯುತ್ತದೆ. ಮೂರನ್ನೂ ಬಿಡಿಬಿಡಿಯಾಗಿ 4.2 ವೋಲ್ಟ್‌ಗೆ ಚಾರ್ಜ್ ಮಾಡಿಯೇ ಜೋಡಿಸಬೇಕು. ಪ್ಯಾರಲಲ್‌ನಲ್ಲಿ ಅಪಾಯ ಇನ್ನೊಂದು ರೀತಿ: ತುಂಬಿದ ಸೆಲ್ಲನ್ನು ಖಾಲಿ ಸೆಲ್ಲಿಗೆ ತಾಗಿಸಿದರೆ ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಕರೆಂಟ್ ನುಗ್ಗುತ್ತದೆ. ಮೀಟರಿನಲ್ಲಿ ಮೂರರ ನಡುವೆ 0.05 ವೋಲ್ಟ್‌ಗಿಂತ ಹೆಚ್ಚು ಅಂತರ ಕಂಡರೆ ಅಂದು ಜೋಡಿಸಬೇಡಿ, ಮೊದಲು ಚಾರ್ಜರ್‌ನಲ್ಲಿ ಸಮ ಮಾಡಿ.